ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ಲೀಟರ್?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೋದರೆ ಊರಿಗಿಂತ ಮೊದಲು ಕಾಣೋದು ಕಂಬಗಳ ಮೇಲೆ ನಿಂತ ದುಂಡನೆಯ ನೀರಿನ ಟ್ಯಾಂಕ್. ಅದರಲ್ಲಿ ಎಷ್ಟು ನೀರು ಹಿಡಿಯುತ್ತೆ ಅಂತ ಲೆಕ್ಕ ಹಾಕೋಣ. ಸೂತ್ರ ನಮಗೆಲ್ಲ ಹೈಸ್ಕೂಲಿನಿಂದಲೇ ಗೊತ್ತು:

```
V = 0.7854 × D × D × H × 1000
```

D ಒಳವ್ಯಾಸ, H ಎತ್ತರ, ಎರಡೂ ಮೀಟರಿನಲ್ಲಿ. ಒಂದು ಘನ ಮೀಟರಿಗೆ 1000 ಲೀಟರ್, ಹಾಗಾಗಿ V ಲೀಟರಿನಲ್ಲಿ ಬರುತ್ತೆ. ಎಡವೋದು ಸೂತ್ರದಲ್ಲಲ್ಲ, ಅಳತೆಯಲ್ಲಿ.

ಒಂದು ಹಳ್ಳಿಯ ಟ್ಯಾಂಕ್ ತೆಗೆದುಕೊಳ್ಳೋಣ. ಹೊರಗಿನಿಂದ ಟೇಪ್ ಸುತ್ತಿದರೆ ಸುತ್ತಳತೆ 14.45 ಮೀಟರ್ ಬಂತು ಅಂದುಕೊಳ್ಳಿ. ಅದನ್ನು 3.1416ರಿಂದ ಭಾಗಿಸಿದರೆ ವ್ಯಾಸ 4.60 ಮೀಟರ್. ಎತ್ತರ 3.50 ಮೀಟರ್ ಅಂತಿಟ್ಟರೆ 58,200 ಲೀಟರ್ ಆಯ್ತು. ಆದರೆ ಇದು ಹೊರವ್ಯಾಸ. ಗೋಡೆ ಪ್ಲಾಸ್ಟರ್ ಸೇರಿ 15 ಸೆಂ.ಮೀ. ದಪ್ಪ ಇದ್ದರೆ ಎರಡೂ ಕಡೆ ಕಳೆದು ಒಳವ್ಯಾಸ 4.30 ಮೀಟರ್. ಈಗ ಬರೋದು 50,800 ಲೀಟರ್. ವ್ಯಾಸದಲ್ಲಿ 7 ಶೇಕಡಾ ವ್ಯತ್ಯಾಸ, ಆದರೆ D ವರ್ಗವಾಗುವುದರಿಂದ ನೀರಿನಲ್ಲಿ 14 ಶೇಕಡಾ.

ಇಷ್ಟಕ್ಕೇ ಮುಗಿಯಲಿಲ್ಲ. ಓವರ್‌ಫ್ಲೋ ಪೈಪ್ ಮೇಲಂಚಿನಿಂದ 30 ಸೆಂ.ಮೀ. ಕೆಳಗಿದೆ, ಅದಕ್ಕಿಂತ ಮೇಲೆ ನೀರು ನಿಲ್ಲಲ್ಲ. ಊರಿಗೆ ಹೋಗುವ ಪೈಪ್ ತಳದಿಂದ 15 ಸೆಂ.ಮೀ. ಮೇಲಿದೆ, ಅದರ ಕೆಳಗಿನ ನೀರು ನಲ್ಲಿಗೆ ಬರಲ್ಲ. ಉಳಿದ ಎತ್ತರ 3.05 ಮೀಟರ್. ಊರಿಗೆ ಸಿಗೋದು ಸುಮಾರು 44,300 ಲೀಟರ್.

ಇದರಿಂದ ಆಗೋದೇನು? ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಮೊದಲ ಲೆಕ್ಕದಲ್ಲಿ ಒಂದು ಸಲ ತುಂಬಿಸಿದ ಟ್ಯಾಂಕ್ 1,050 ಜನಕ್ಕೆ ಸಾಕು. ನಿಜದ ಲೆಕ್ಕದಲ್ಲಿ 805 ಜನಕ್ಕೆ ಮಾತ್ರ. ಸಾವಿರ ಜನರ ಊರಾದರೆ, ಕಾಗದದ ಮೇಲೆ ನೀರು ಸಾಲುತ್ತೆ, ಕೊನೆಯ ಬೀದಿಗೆ ಬರುವಷ್ಟರಲ್ಲಿ ನಲ್ಲಿ ಒಣಗಿರುತ್ತೆ.

ಗೋಡೆಯ ದಪ್ಪ ಡ್ರಾಯಿಂಗಿನಲ್ಲಿ ಸಿಗದಿದ್ದರೆ, ಟ್ಯಾಂಕ್ ತೊಳೆಯುವ ದಿನ ಒಳವ್ಯಾಸವನ್ನೇ ಅಳೆಯಿಸಬೇಕು. ಟೇಪಿನ ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಎದುರಿನ ಗೋಡೆಯುದ್ದಕ್ಕೂ ಸರಿಸುತ್ತಾ ಹೋದರೆ ಬರುವ ಅತಿ ದೊಡ್ಡ ಅಳತೆಯೇ ವ್ಯಾಸ. ಟೇಪ್ ಮಧ್ಯಬಿಂದು ತಪ್ಪಿದರೆ ಅಳತೆ ಕಡಿಮೆ ಬರುತ್ತೆ. ಇನ್ನೊಂದು ಮಾತು: ತಳ ಚಪ್ಪಟೆಯಾಗಿದ್ದರೆ ಮಾತ್ರ ಈ ಲೆಕ್ಕ ಪೂರ್ತಿ ಸರಿ. ತಳ ಗುಮ್ಮಟದ ಹಾಗಿದ್ದರೆ ನೇರ ಗೋಡೆಯ ಭಾಗಕ್ಕಷ್ಟೇ ಇದು ಹೊಂದುತ್ತೆ.

ಒಳವ್ಯಾಸ ಒಮ್ಮೆ ಸರಿಯಾಗಿ ಸಿಕ್ಕರೆ ಇನ್ನೊಂದು ಲಾಭ ಇದೆ. ಈ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಎತ್ತರ ಅಂದ್ರೆ 145 ಲೀಟರ್. ರಾತ್ರಿ ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ನೀರಿನ ಮಟ್ಟ ಗುರುತು ಮಾಡಿಡಿ. ಬೆಳಿಗ್ಗೆ ಎರಡು ಸೆಂ.ಮೀ. ಇಳಿದಿದ್ದರೆ 290 ಲೀಟರ್ ಎಲ್ಲೋ ಸೋರಿದೆ.