ಅನುಭವವಿಲ್ಲದವರ ಅರ್ಜಿಪತ್ರ: ತಿದ್ದಬೇಕಾದ ಮೊದಲ ಸಾಲು

ಕೆಲಸದ ಅರ್ಜಿಯಲ್ಲಿ ಸ್ವವಿವರದ ಜೊತೆಗೆ ಹೋಗುವ ಒಂದು ಪುಟದ ಪತ್ರವೇ ಕವರ್ ಲೆಟರ್. ಆಗಷ್ಟೇ ಬಿ.ಇ. ಮುಗಿಸಿದವರ ಪತ್ರ ಸಾಮಾನ್ಯವಾಗಿ 'ಅನುಭವವಿಲ್ಲದಿದ್ದರೂ ಬೇಗ ಕಲಿಯಬಲ್ಲೆ' ಎಂದು ತೊಡಗುವುದರಿಂದ, ಓದುವವರಿಗೆ ಕೊರತೆಯೇ ಮೊದಲು ಕಾಣುತ್ತದೆ. ಆ ಸಾಲನ್ನು ಅಳಿಸಿ, ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ಅಭ್ಯರ್ಥಿ ಸ್ವತಃ ಬಿಡಿಸಿದ ಒಂದು ತೊಡಕನ್ನು ಅಲ್ಲಿಡುವುದು ಲೇಸು.

ಎಲೆಕ್ಟ್ರಾನಿಕ್ಸ್ ಪದವೀಧರೆಯೊಬ್ಬಳು 'ಮಣ್ಣಿನ ತೇವ ನೋಡಿ ಪಂಪ್ ನಡೆಸುವ ಪ್ರಾಜೆಕ್ಟ್ ಮಾಡಿದ್ದೇನೆ' ಎಂದಷ್ಟೇ ಬರೆದಿದ್ದಾಳೆನ್ನೋಣ. ಇದನ್ನು 'ನಾಲ್ವರ ತಂಡದಲ್ಲಿ ಸೆನ್ಸರ್ ಭಾಗ ನನ್ನದಾಗಿತ್ತು. ಸದಾ ವಿದ್ಯುತ್ ಹರಿಯುತ್ತಿದ್ದುದರಿಂದ ಅದರ ಲೋಹದ ಕಡ್ಡಿಗಳು ಸವೆದು ಅಳತೆ ತಪ್ಪುತ್ತಿತ್ತು. ಅಳೆಯುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಕೊಡುವಂತೆ ಪ್ರೋಗ್ರಾಂ ತಿದ್ದಿದೆ' ಎಂದು ಬದಲಿಸಿದರೆ, ಅವಳು ದೋಷದ ಕಾರಣ ಹುಡುಕುವ ರೀತಿ ತಾನಾಗಿಯೇ ಗೋಚರಿಸುತ್ತದೆ. ಆದರೆ ಈ ಸಾಲು ಎಂಬೆಡೆಡ್ ಹುದ್ದೆಗೆ, ಅಂದರೆ ಉಪಕರಣದೊಳಗಿನ ಕಿರುಗಣಕಕ್ಕೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಹೊಂದುತ್ತದೆಯೇ ಹೊರತು ಡೇಟಾ ವಿಶ್ಲೇಷಣೆಗಲ್ಲ. ವಿಶ್ಲೇಷಣೆಯ ಹುದ್ದೆಗಾದರೆ ಅದೇ ಪ್ರಾಜೆಕ್ಟ್‌ನ ತೇವಾಂಶದ ದಾಖಲೆಗಳಲ್ಲಿ ತಪ್ಪು ಅಳತೆಗಳನ್ನು ಗುರುತಿಸಿ ಬೇರ್ಪಡಿಸಿದ ಬಗೆಯನ್ನು ವಿವರಿಸುವುದು ಮೇಲು. ಗೆಳೆಯರ ಪಾಲಿನ ಕೆಲಸವನ್ನು ತನ್ನದೆಂದು ಬರೆದುಕೊಂಡರೆ, ಸಂದರ್ಶನದಲ್ಲಿ 'ಬೇರೆ ದಾರಿ ಏಕೆ ಹಿಡಿಯಲಿಲ್ಲ?' ಎಂಬ ಪ್ರಶ್ನೆಗೇ ಅದು ಬಯಲಾಗುತ್ತದೆ. ಹಣ ಕೊಟ್ಟು ತಂದ ಪ್ರಾಜೆಕ್ಟ್‌ಗಳ ಪಾಡನ್ನಂತೂ ಹೇಳಬೇಕಾಗಿಲ್ಲ.