ಗುದ್ದಿ ಓಡಿದ ಗಾಡಿ ಸಿಗದಿದ್ದರೂ ಪರಿಹಾರವಿದೆ

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಹೆದ್ದಾರಿ, ರಾತ್ರಿ ಎಂಟೂವರೆ. ಬೈಕಿನಲ್ಲಿ ಊರಿಗೆ ಮರಳುತ್ತಿದ್ದ ರೈತನೊಬ್ಬನಿಗೆ ಹಿಂದಿನಿಂದ ಗಾಡಿಯೊಂದು ಗುದ್ದಿ, ನಿಲ್ಲದೆ ಹೋಯಿತು ಎಂದುಕೊಳ್ಳಿ. ಕತ್ತಲಲ್ಲಿ ನಂಬರ್ ಯಾರಿಗೂ ಕಾಣಲಿಲ್ಲ. ಮೂರನೇ ದಿನ ಆತ ತೀರಿಕೊಂಡ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ‘ಗಾಡಿಯೇ ಸಿಗದ ಮೇಲೆ ಪರಿಹಾರ ಯಾರು ಕೊಡ್ತಾರೆ’ ಎಂದು ಊರವರು ಹೇಳುವುದು ಸಹಜ. ಆದರೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಈ ಕುಟುಂಬಕ್ಕೆ 2 ಲಕ್ಷ ರೂಪಾಯಿ ಸಿಗಬೇಕು. ಮೂಳೆ ಮುರಿತದಂಥ ತೀವ್ರ ಗಾಯವಾಗಿ ಬದುಕುಳಿದವರಿಗೆ 50 ಸಾವಿರ. 2022ರ ಏಪ್ರಿಲ್ 1ಕ್ಕೂ ಮೊದಲು ಈ ಮೊತ್ತ 25 ಸಾವಿರ ಮತ್ತು 12,500 ಮಾತ್ರ ಇತ್ತು.

ಇಂಥ ಪ್ರಕರಣ ಕೆಡುವುದು ಹೆಚ್ಚಾಗಿ ಮೊದಲ ರಾತ್ರಿ, ಆಸ್ಪತ್ರೆಯಲ್ಲಿ. ಕರೆತಂದವರು ಗಾಬರಿಯಲ್ಲಿ ‘ಬೈಕಿಂದ ಬಿದ್ದ’ ಎನ್ನುತ್ತಾರೆ, ಎಂಎಲ್‌ಸಿ ರಿಜಿಸ್ಟರಿನಲ್ಲಿ ಅದೇ ದಾಖಲಾಗುತ್ತದೆ. ಮುಂದೆ ಅಪಘಾತವೇ ಅನುಮಾನಕ್ಕೆ ಬೀಳುತ್ತದೆ. ‘ಅಪರಿಚಿತ ವಾಹನ ಗುದ್ದಿ ಹೋಗಿದೆ’ ಎಂದು ಸ್ಪಷ್ಟವಾಗಿ ಹೇಳಿ, ಬರೆದದ್ದನ್ನು ಓದಿಸಿ ಕೇಳಿ. 112ಕ್ಕೆ ಕರೆ ಮಾಡಿ. ಅಪಘಾತ ನಡೆದ ಜಾಗದ ಠಾಣೆಯಲ್ಲಿ ತಡಮಾಡದೆ ಎಫ್‌ಐಆರ್ ಮಾಡಿಸಿ. ರಸ್ತೆ ಬದಿಯ ಪೆಟ್ರೋಲ್ ಬಂಕು, ಧಾಬಾಗಳ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ ಪಡೆಯುವಂತೆ ಪೊಲೀಸರಿಗೆ ಲಿಖಿತವಾಗಿ ಕೇಳಿ. ಗಾಡಿ ಸಿಕ್ಕರೆ ಪೂರ್ಣ ಪರಿಹಾರದ ದಾರಿ ತೆರೆಯುತ್ತದೆ, 2 ಲಕ್ಷ ಅದರ ಮುಂದೆ ಚಿಕ್ಕ ಮೊತ್ತ. ಹಾಗೆಂದು ಯಾರದೋ ಗಾಡಿಯನ್ನು ತಂದು ನಿಲ್ಲಿಸುವ ದಲ್ಲಾಳಿಯ ಮಾತಿಗೆ ಮಾತ್ರ ಒಪ್ಪಬೇಡಿ. ಸುಳ್ಳು ಬಯಲಾದರೆ ಹಣ ಹೋಗುವುದಷ್ಟೇ ಅಲ್ಲ, ಕೇಸು ನಿಮ್ಮ ಮೇಲೆಯೇ ಬೀಳುತ್ತದೆ.

ಒಂದು ತಿಂಗಳಾದರೂ ಗಾಡಿ ಪತ್ತೆಯಾಗದಿದ್ದರೆ ಈ ಯೋಜನೆಯ ಬಗ್ಗೆ ಪೊಲೀಸರೇ ಕುಟುಂಬಕ್ಕೆ ಲಿಖಿತವಾಗಿ ತಿಳಿಸಬೇಕು, ಯೋಜನೆಯ ವಿಚಾರಣಾಧಿಕಾರಿಗೂ ವರದಿ ಕಳಿಸಬೇಕು ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಪತ್ರ ಬರಲಿಲ್ಲವೆಂದರೆ ಆ ಆದೇಶವನ್ನು ನೆನಪಿಸಿ ಠಾಣೆಯಲ್ಲಿ ಕೇಳಿ.

ಅರ್ಜಿ ಕೊಡಬೇಕಾದದ್ದು ಕೋರ್ಟಿಗಲ್ಲ, ಕಂದಾಯ ಇಲಾಖೆಗೆ. ಯೋಜನೆಯ ವಿಚಾರಣಾಧಿಕಾರಿ ತಹಶೀಲ್ದಾರ್ ಅಥವಾ ಉಪವಿಭಾಗದ ಅಧಿಕಾರಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಲಿಂಗಸುಗೂರು ಉಪವಿಭಾಗಕ್ಕೆ ಸೇರಿವೆ. ಯಾರ ಕಚೇರಿಗೆ ಕೊಡಬೇಕೆಂದು ನಿಮ್ಮ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಫಾರ್ಮ್ 1ರ ಜೊತೆ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ (ಗಾಯವಾದರೆ ಗಾಯದ ಪ್ರಮಾಣಪತ್ರ), ಮೃತರ ಮತ್ತು ಅರ್ಜಿದಾರರ ಗುರುತು-ವಿಳಾಸದ ದಾಖಲೆ, ಪಾಸ್‌ಬುಕ್ ಪ್ರತಿ ಹಾಗೂ ಫಾರ್ಮ್ 4ರ ಮುಚ್ಚಳಿಕೆ ಇರಲಿ. ಹೆಸರು ಆಧಾರಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಮೊದಲು ಸರಿಪಡಿಸಿಕೊಳ್ಳಿ. ಸ್ವೀಕೃತಿ ಪಡೆಯದೆ ಬರಬೇಡಿ.

ವಿಚಾರಣಾಧಿಕಾರಿಗೆ ಒಂದು ತಿಂಗಳು, ಮಂಜೂರು ಮಾಡುವ ಜಿಲ್ಲಾಧಿಕಾರಿಗೆ 15 ದಿನ, ಹಣ ಹಾಕುವ ಸಾಮಾನ್ಯ ವಿಮಾ ಮಂಡಳಿಗೆ ಮತ್ತೆ 15 ದಿನದ ಗಡುವಿದೆ. ಎರಡು ತಿಂಗಳು ದಾಟಿದರೆ ಸ್ವೀಕೃತಿ ಹಿಡಿದು ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯನ್ನು ಕಾಣಿ. ಈ ಯೋಜನೆಯ ಮೇಲೆ ನಿಗಾ ಇಡುವ ಜಿಲ್ಲಾ ಸಮಿತಿಯಲ್ಲಿ ಅವರೂ ಇರಬೇಕೆಂದು ಸುಪ್ರೀಂ ಕೋರ್ಟಿನ ಅದೇ ಆದೇಶ ಹೇಳಿದೆ.

ಬಹಳ ಮನೆಗಳು ನೋಡದೇ ಬಿಡುವ ಕಾಗದ ಇನ್ನೊಂದಿದೆ: ಸತ್ತವನ ಸ್ವಂತ ಬೈಕಿನ ಪಾಲಿಸಿ. ಅದರಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆಗೆ ಪ್ರೀಮಿಯಂ ಕಟ್ಟಿದ್ದು, ಬೈಕು ಅವನ ಹೆಸರಿನಲ್ಲಿದ್ದು, ಚಾಲ್ತಿ ಲೈಸೆನ್ಸ್ ಇದ್ದರೆ 15 ಲಕ್ಷ ರೂಪಾಯಿ ಕೇಳಬಹುದು. ಗುದ್ದಿದ ಗಾಡಿ ಸಿಗಲೇಬೇಕೆಂದಿಲ್ಲ. ವಿಮಾ ಕಂಪನಿಗೆ ಕೂಡಲೇ ಬರೆದು ತಿಳಿಸಿ.

ಇನ್ನು, ಗುದ್ದಿದ್ದು ಊರಿನದೇ ಟ್ರ್ಯಾಕ್ಟರ್, ಆದರೆ ಅದಕ್ಕೆ ವಿಮೆಯಿಲ್ಲ ಎನ್ನಿ. ಆಗ 2 ಲಕ್ಷದ ಯೋಜನೆ ಅನ್ವಯಿಸದು. ಮಾಲೀಕ ಮತ್ತು ಚಾಲಕನ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬೇಕು, ಆರು ತಿಂಗಳೊಳಗೆ. ಅಪಘಾತ ಎಲ್ಲಿಯೇ ಆಗಿರಲಿ, ನೀವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ‘ಮಾರಿಬಿಟ್ಟಿದ್ದೇನೆ’ ಎಂಬ ಮಾತು ನಡೆಯದು. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಪಾಲಿಸಿ ತೋರಿಸಿದರೆ ದಿನಾಂಕದ ಜೊತೆ ಗಂಟೆಯನ್ನೂ ನೋಡಿ. ಅಪಘಾತದ ನಂತರ ಮಾಡಿಸಿದ ವಿಮೆ ಆ ಅಪಘಾತಕ್ಕೆ ಅನ್ವಯಿಸುವುದಿಲ್ಲ.

ಇಲ್ಲಿ ಕಷ್ಟ ಆದೇಶ ಪಡೆಯುವುದಲ್ಲ, ಹಣ ವಸೂಲು ಮಾಡುವುದು. ಆದ್ದರಿಂದ ಠಾಣೆಯಲ್ಲಿ ನಿಂತ ಟ್ರ್ಯಾಕ್ಟರ್ ಮೇಲೆ ಮೊದಲ ದಿನದಿಂದ ಕಣ್ಣಿಡಿ. ವಿಮೆಯಿಲ್ಲದ ಗಾಡಿಯನ್ನು ಮಾಲೀಕ ಭದ್ರತೆ ಕೊಡದೆ ಬಿಡುವಂತಿಲ್ಲ. ಕೊಡದಿದ್ದರೆ ಮೂರು ತಿಂಗಳ ಬಳಿಕ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು. ಬಿಡುಗಡೆಗೆ ಮಾಲೀಕ ಅರ್ಜಿ ಹಾಕಿದ ದಿನವೇ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಆಕ್ಷೇಪಣೆ ಸಲ್ಲಿಸಿ. ಮಾಲೀಕನ ಜಮೀನಿನ ಪಹಣಿಯನ್ನೂ ಆಗಲೇ ತೆಗೆಸಿಟ್ಟುಕೊಳ್ಳಿ. ಪರಿಹಾರ ಕೊಡದಿದ್ದರೆ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ವಸೂಲಾತಿ ಪತ್ರ ಕಳಿಸುತ್ತದೆ, ಭೂಕಂದಾಯದ ಬಾಕಿಯಂತೆ ಆ ಹಣ ವಸೂಲಾಗುತ್ತದೆ. ಯಾವ ಸರ್ವೆ ನಂಬರಿನಿಂದ ಎಂದು ಅಂದು ತೋರಿಸಿಕೊಡಬೇಕಾದವರು ನೀವೇ.