ಸುಡುವುದಕ್ಕೆ ಮೊದಲು ನೋಡಬೇಕಾದದ್ದು

ವಿಮಾನಪುರದ ನನ್ನ ಚರ್ಮದ ಕ್ಲಿನಿಕ್‌ಗೆ ಮೊಡವೆ, ಗಜಕರ್ಣದವರು ಹಗಲಲ್ಲೇ ಬರುತ್ತಾರೆ. ಜನನಾಂಗದ ನರಹುಲಿಯವರು ಬರುವುದು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ. “ಡಾಕ್ಟ್ರೇ, ಕೆಳಗಡೆ ಏನೋ ಗುಳ್ಳೆ ಆಗಿದೆ” ಎಂದು ಮಾತು ಶುರುವಾಗುತ್ತದೆ. ಈ ಕಾಯಿಲೆಯ ಬಗ್ಗೆ ನನಗೆ ತಿಳಿದಿರುವುದರಲ್ಲಿ ಅರ್ಧ ಇವರ ಚರ್ಮದ ಮೇಲೆ ಎಡವಿ ಕಲಿತದ್ದು.

1. ಗುಳ್ಳೆಯೆಲ್ಲ ನರಹುಲಿಯಲ್ಲ

ಹೊಸತರಲ್ಲಿ ಒಬ್ಬ ಹುಡುಗನ ಶಿಶ್ನದ ಮುಂಭಾಗದ ಅಂಚಿನಲ್ಲಿದ್ದ ಗುಳ್ಳೆಗಳನ್ನು ಸುಟ್ಟುಬಿಟ್ಟೆ. ಒಂದೇ ಅಳತೆಯ ನುಣುಪು ಗುಳ್ಳೆಗಳು ಸಾಲಾಗಿ ಸುತ್ತುವರಿದಿದ್ದವು. ಅದು ಎಷ್ಟೋ ಗಂಡಸರಲ್ಲಿ ಸಹಜವಾಗಿ ಇರುವಂಥದ್ದು. ಅಂಟುವುದಿಲ್ಲ, ಔಷಧಿಯೂ ಬೇಡ. ಅವನಿಗೆ ಸಿಕ್ಕಿದ್ದು ಕಲೆ ಮತ್ತು ಬಿಲ್. ನರಹುಲಿ ಒರಟು. ಚಿಕ್ಕದು ದೊಡ್ಡದು ಬೆರೆತು, ಹೂಕೋಸಿನ ಹಾಗೆ ಎದ್ದಿರುತ್ತದೆ. ಚಪ್ಪಟೆಯಾಗಿ, ಅಗಲವಾಗಿ, ಒದ್ದೆಯಾಗಿ ಕಂಡರೆ ಸಿಫಿಲಿಸ್ ಇರಬಹುದು. ಅದಕ್ಕೆ ಬೇಕಾದದ್ದು ಪೆನಿಸಿಲಿನ್ ಇಂಜೆಕ್ಷನ್, ಸುಡುವುದಲ್ಲ. ಈಗ ಅನುಮಾನ ಇರಲಿ ಬಿಡಲಿ, ವಿಡಿಆರ್‌ಎಲ್ ಮತ್ತು ಎಚ್‌ಐವಿ ರಕ್ತಪರೀಕ್ಷೆ ಮಾಡಿಸುತ್ತೇನೆ.

2. “ಯಾರಿಂದ ಬಂತು?” ಎಂಬ ಪ್ರಶ್ನೆಗೆ ಉತ್ತರವಿಲ್ಲ

ಮದುವೆಯಾಗಿ ಕೆಲವು ವರ್ಷವಾಗಿದ್ದ ದಂಪತಿ ಬಂದರು. ಗುಳ್ಳೆ ಇದ್ದದ್ದು ಗಂಡನಿಗೆ. ಹೆಂಡತಿಯ ಎದುರಲ್ಲೇ ನಾನು, “ಇತ್ತೀಚೆಗೆ ಹೊರಗೆ ಎಲ್ಲಾದರೂ ಸಂಬಂಧ ಇತ್ತೇ?” ಎಂದು ಕೇಳಿದೆ. ಆಕೆಯ ಮುಖ ಬದಲಾಯಿತು. ಕೇಳಿದ ರೀತಿಯೂ ತಪ್ಪು, ಅದರ ಹಿಂದಿನ ಲೆಕ್ಕವೂ ತಪ್ಪು. ಹತ್ತರಲ್ಲಿ ಒಂಬತ್ತು ನರಹುಲಿಗೆ ಕಾರಣ ಎಚ್‌ಪಿವಿ ವೈರಸ್ಸಿನ 6 ಮತ್ತು 11ನೇ ಬಗೆ. ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಹರಡುವ ಇವು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಗುಳ್ಳೆಯಾಗುತ್ತವೆ, ಒಮ್ಮೊಮ್ಮೆ ವರ್ಷಗಳೇ ಹಿಡಿಯುತ್ತವೆ. ಗುಳ್ಳೆಯೇ ಕಾಣದವರಿಂದಲೂ ದಾಟಬಹುದು. ಹಾಗಾಗಿ ಮದುವೆಗೆ ಮುಂಚಿನದೋ ಆಮೇಲಿನದೋ, ಇಬ್ಬರಲ್ಲಿ ಯಾರದೋ ಎಂದು ಯಾವ ಡಾಕ್ಟರೂ ಹೇಳಲಾರ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಜಾಗದಿಂದ ಅಂಟುವುದನ್ನು ತಡೆಯದು. ಈಗ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿ, ಇಬ್ಬರನ್ನೂ ಪರೀಕ್ಷಿಸುತ್ತೇನೆ.

3. ಗುಳ್ಳೆ ಹೋದರೆ ವೈರಸ್ ಹೋದ ಹಾಗಲ್ಲ

ಅದೇ ಗಂಡನಿಗೆ ಮರಗಟ್ಟಿಸಿ, ಕಾಟರಿಯಲ್ಲಿ ಒಂದೇ ಸಲಕ್ಕೆ ಎಲ್ಲವನ್ನೂ ಸುಟ್ಟೆ. “ಇನ್ನು ಬರಲ್ಲ” ಎಂದೂ ಹೇಳಿದೆ. ಎರಡು ತಿಂಗಳಲ್ಲಿ ಮತ್ತೆ ಬಂತು, ಮೊದಲಿಗಿಂತ ಹೆಚ್ಚು. ಸುತ್ತಲ ಚರ್ಮ ಮೇಲೆ ಚೆನ್ನಾಗಿ ಕಂಡರೂ ಒಳಗೆ ವೈರಸ್ ಉಳಿದಿರುತ್ತದೆ, ಮೊದಲ ಮೂರು ತಿಂಗಳಲ್ಲಿ ಮರುಕಳಿಸುವುದು ಸಾಮಾನ್ಯ. ಸಾಲದ್ದಕ್ಕೆ ಆತ ಆ ಜಾಗವನ್ನು ರೇಜರ್‌ನಿಂದ ಕ್ಷೌರ ಮಾಡಿಕೊಳ್ಳುತ್ತಿದ್ದ. ಸಣ್ಣ ಗಾಯಗಳಲ್ಲಿ ವೈರಸ್ ಹೊಸ ಜಾಗ ಹಿಡಿಯುತ್ತದೆ. ಕ್ಷೌರದ ಬಗ್ಗೆ ನಾನು ಆತನನ್ನು ಕೇಳಿಯೇ ಇರಲಿಲ್ಲ.

ಎರಡನೇ ಸಲ ಇಮಿಕ್ವಿಮಾಡ್ ಮುಲಾಮು ಬರೆದೆ. ವಾರಕ್ಕೆ ಮೂರು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ಹೆಚ್ಚೆಂದರೆ 16 ವಾರ. ಇದು ಗುಳ್ಳೆಯನ್ನು ನೇರವಾಗಿ ಸುಡುವುದಿಲ್ಲ, ಅಲ್ಲಿನ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ಬೇಗ ವಾಸಿಯಾಗಲಿ ಎಂದು ಆತ ದಿನಾ ಹಚ್ಚಿ, ಹುಣ್ಣು ಮಾಡಿಕೊಂಡು ಬಂದ. ಸ್ವಲ್ಪ ಕೆಂಪಾದರೆ ಔಷಧಿ ಕೆಲಸ ಮಾಡುತ್ತಿದೆ ಎಂದರ್ಥ, ಚರ್ಮ ಕಿತ್ತುಬಂದರೆ ನಿಲ್ಲಿಸಬೇಕು. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಅಷ್ಟರಲ್ಲಿ ಹೆಂಡತಿಗೂ ಗುಳ್ಳೆ ಕಂಡಿತು, ಆಕೆ ಬಸುರಿಯೂ ಆಗಿದ್ದಳು. ಬಸುರಿಯರಿಗೆ ಪೊಡೊಫಿಲಿನ್ ಹಚ್ಚುವಂತಿಲ್ಲ, ಇಮಿಕ್ವಿಮಾಡನ್ನೂ ಬಳಸುವುದಿಲ್ಲ. ಟಿಸಿಎ ಆಮ್ಲವನ್ನು ಕಡ್ಡಿಯ ತುದಿಯಲ್ಲಿ ಗುಳ್ಳೆಗಷ್ಟೇ ಮುಟ್ಟಿಸಿ, ಅದು ಬೆಳ್ಳಗಾಗುವವರೆಗೆ ಕಾದು, ವಾರಕ್ಕೊಮ್ಮೆ ಮಾಡುತ್ತ ಹೋದೆ. ನಿಧಾನವಾಗಿ ಉದುರಿದವು. ಗಂಡನದೂ ಹಾಗೇ. ಸಾಮಾನ್ಯವಾಗಿ ಎರಡು ವರ್ಷದೊಳಗೆ ದೇಹವೇ ವೈರಸ್ಸನ್ನು ಹತ್ತಿಕ್ಕುತ್ತದೆ.

4. ಲಸಿಕೆಯ ಹೆಸರಿನ ಜೊತೆ ಅದರೊಳಗಿನ ಬಗೆಗಳನ್ನೂ ಓದಬೇಕು

“ಇಂಜೆಕ್ಷನ್ ಹಾಕಿಸಿಕೊಂಡರೆ ಹೋಗುತ್ತಾ?” ಎಂದು ಆ ಗಂಡ ಕೇಳಿದ್ದ. ಇಲ್ಲ, ಇರುವ ಗುಳ್ಳೆಯನ್ನು ಲಸಿಕೆ ವಾಸಿಮಾಡುವುದಿಲ್ಲ. ತಡೆಯುವ ವಿಷಯದಲ್ಲೂ ನಾನು ಒಮ್ಮೆ ತಪ್ಪು ಹೇಳಿದ್ದೆ. ಸರ್ವಾರಿಕ್ಸ್ ಹಾಕಿಸಿದ ಹುಡುಗಿಯ ತಾಯಿಗೆ, ನರಹುಲಿಯೂ ಬರುವುದಿಲ್ಲ ಎಂದುಬಿಟ್ಟೆ. ಅದರಲ್ಲಿರುವುದು ಗರ್ಭಕಂಠದ ಕ್ಯಾನ್ಸರ್ ತರುವ 16 ಮತ್ತು 18 ಮಾತ್ರ. ಗಾರ್ಡಸಿಲ್‌ನಲ್ಲೂ, 2023ರಲ್ಲಿ ಬಂದ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ನಲ್ಲೂ 6 ಮತ್ತು 11 ಸಹ ಇವೆ. ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ ಗಾರ್ಡಸಿಲ್ ಕೊಡತೊಡಗಿತು. ಅಲ್ಲಿನ ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳಿಗೆ ಬಂದ 21ಕ್ಕಿಂತ ಚಿಕ್ಕ ಹೆಣ್ಣುಮಕ್ಕಳಲ್ಲಿ ನರಹುಲಿ ಆ ವರ್ಷ ಶೇ. 11.5 ಇದ್ದದ್ದು 2011ಕ್ಕೆ ಶೇ. 1ಕ್ಕಿಂತ ಕೆಳಗಿಳಿಯಿತು.

ವೈರಸ್ ತಾಗುವ ಮೊದಲು ಹಾಕಿಸಿದರೆ ಪೂರ್ತಿ ಲಾಭ. 9ರಿಂದ 14 ವಯಸ್ಸಿನವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದವರಿಗೆ ಮೂರು. ಗಂಡುಮಕ್ಕಳಿಗೂ ಹಾಕಿಸಬಹುದು.

5. ನರಹುಲಿ ಕ್ಯಾನ್ಸರ್ ಅಲ್ಲ, ಆದರೂ ತಪಾಸಣೆ ಬಿಡಬಾರದು

6 ಮತ್ತು 11 ಕ್ಯಾನ್ಸರ್‌ಗೆ ತಿರುಗುವುದು ತೀರಾ ವಿರಳ. ಆದರೆ 16, 18 ಹರಡುವ ದಾರಿಯೂ ಇದೇ. ಹಾಗಾಗಿ ಲಸಿಕೆ ಹಾಕಿಸಿಕೊಂಡ ಹೆಂಗಸರೂ ಮೂವತ್ತರ ನಂತರ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕು. ಖಾಸಗಿ ಕ್ಲಿನಿಕ್‌ನ ಫೀಸು ಕಷ್ಟವಾದರೆ ಶಿವಾಜಿನಗರದ ಬೌರಿಂಗ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆ ‘ಸುರಕ್ಷಾ ಕ್ಲಿನಿಕ್’ಗಳಿವೆ. ಸಂಗಾತಿಯನ್ನೂ ಕರೆದುಕೊಂಡು ಹೋಗಿ.